ಆನ್‌ಲೈನ್ ಡಿಗ್ರಿಗೆ ಮಾನ್ಯತೆ ಇದೆಯಾ ಅಂತ ನೋಡೋದು ಹೇಗೆ

"ಆನ್‌ಲೈನಲ್ಲಿ ಡಿಗ್ರಿ ಮಾಡೋಣ ಅಂತಿದೀನಿ, ಯುನಿವರ್ಸಿಟಿ ಯುಜಿಸಿ ಅಪ್ರೂವ್ಡ್ ಅಂತ ಹೇಳ್ತಿದಾರೆ, ಫುಲ್ ಫೀಸ್ ಕಟ್ಬಿಡ್ಲಾ?"

ಸ್ವಲ್ಪ ತಡ್ಕೊಳಿ. ಅಡ್ಮಿಷನ್ ಕೌನ್ಸೆಲರ್ ಹೇಳೋದು ಸುಳ್ಳು ಅಂತ ನಾನು ಹೇಳ್ತಿಲ್ಲ, ಎಷ್ಟೋ ಸಲ ಅದು ನಿಜಾನೇ ಇರುತ್ತೆ, ಆದ್ರೆ ಅವರು ಯುನಿವರ್ಸಿಟಿ ಬಗ್ಗೆ ಹೇಳ್ತಿರ್ತಾರೆ, ನೀವು ದುಡ್ಡು ಕೊಡ್ತಿರೋದು ಒಂದು ಕೋರ್ಸಿಗೆ. ಯುಜಿಸಿ ಆನ್‌ಲೈನ್ ಕೋರ್ಸಿಗೆ ಪರ್ಮಿಷನ್ ಕೊಡೋದು ಕೋರ್ಸ್ ಲೆಕ್ಕದಲ್ಲಿ, ಅದೂ ಯಾವ ಸೆಷನ್ನಿಂದ ಅಂತ ನೋಡ್ಕೊಂಡು.

ಒಂದು ಕೇಸ್ ಹೇಳ್ತೀನಿ. ಪರಿಚಯದ ಹುಡುಗಿ ಒಬ್ಬಳಿಗೆ ಸೈಕಾಲಜಿಯಲ್ಲಿ ಆನ್‌ಲೈನ್ ಎಂಎ ಮಾಡೋ ಆಸೆ. ಯುನಿವರ್ಸಿಟಿ ಅಸಲಿ, ನ್ಯಾಕ್ ಗ್ರೇಡೂ ಚೆನ್ನಾಗಿದೆ, ಬ್ರೋಷರಲ್ಲಿ ಯುಜಿಸಿ ಲೋಗೋ ಬೇರೆ. ಇವತ್ತೇ ಸೀಟ್ ಬುಕ್ ಮಾಡಿ ಅಂತ ಬೆಳಗ್ಗೆಯಿಂದ ಫೋನ್ ಮೇಲೆ ಫೋನ್. ನಾನು ಅವಳಿಗೆ ಹೇಳಿದ್ದು ಇಷ್ಟೇ, ಯುನಿವರ್ಸಿಟಿಯ ಪೂರ್ತಿ ಹೆಸರು, ಕೋರ್ಸಿನ ಪೂರ್ತಿ ಹೆಸರು, ಯಾವ ಸೆಷನ್, ಆನ್‌ಲೈನಾ ಡಿಸ್ಟೆನ್ಸಾ, ಈ ನಾಲ್ಕನ್ನೂ ಮೆಸೇಜಲ್ಲಿ ಬರೆಸ್ಕೋ ಅಂತ. ಆಮೇಲೆ deb.ugc.ac.in ತೆಗೆದ್ವಿ. ಅದು ಯುಜಿಸಿಯ ಡಿಸ್ಟೆನ್ಸ್ ಎಜುಕೇಷನ್ ಬ್ಯೂರೋದ ಸೈಟು, ಡಿಇಬಿ ಅಂತಾರಲ್ಲ, ಅದೇ. ಯಾವ ಸೆಷನ್ನಿಗೆ ಯಾವ ಯುನಿವರ್ಸಿಟಿ ಯಾವ ಕೋರ್ಸ್ ನಡೆಸ್ಬಹುದು ಅನ್ನೋ ಪಟ್ಟಿ ಅಲ್ಲಿರುತ್ತೆ. ಆನ್‌ಲೈನ್ ಪಟ್ಟಿ ಬೇರೆ, ಡಿಸ್ಟೆನ್ಸ್ ಪಟ್ಟಿ ಬೇರೆ, ತುಂಬಾ ಜನ ಎಡವೋದು ಇಲ್ಲೇ, ಡಿಸ್ಟೆನ್ಸ್ ಪಟ್ಟಿಲಿ ಹೆಸರು ನೋಡಿ ಆನ್‌ಲೈನಿಗೂ ಪರ್ಮಿಷನ್ ಇದೆ ಅಂದ್ಕೋತಾರೆ.

ಯುನಿವರ್ಸಿಟಿ ಹೆಸರು ಇತ್ತು. ಬೇರೆ ಎಂಎಗಳೂ ಇದ್ವು. ಸೈಕಾಲಜಿ ಮಾತ್ರ ಇಲ್ಲ. ಕಾರಣ ಏನಪ್ಪಾ ಅಂದ್ರೆ 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಕಾಯ್ದೆ ಅಡಿ ಬರೋ ಆರೋಗ್ಯ ಕ್ಷೇತ್ರದ ಕೋರ್ಸುಗಳನ್ನ, ಸೈಕಾಲಜೀನೂ ಸೇರಿಸಿ, 2025ರ ಜುಲೈ-ಆಗಸ್ಟ್ ಸೆಷನ್ನಿಂದ ಆನ್‌ಲೈನಲ್ಲೂ ಡಿಸ್ಟೆನ್ಸಲ್ಲೂ ನಡೆಸೋ ಹಾಗಿಲ್ಲ ಅಂತ ಯುಜಿಸಿ ಹೇಳ್ಬಿಟ್ಟಿದೆ. ಬಿಎ ತರ ಹಲವು ಸಬ್ಜೆಕ್ಟ್ ಇರೋ ಡಿಗ್ರಿ ಆದ್ರೆ ಆ ಒಂದು ಸಬ್ಜೆಕ್ಟ್ ಮಾತ್ರ ಹೋಗುತ್ತೆ, ಉಳಿದದ್ದು ಇರುತ್ತೆ. ಅದಕ್ಕೇ ಬರೀ ಎಂಎ ಅಂತ ನೋಡಿ ಸೈಟ್ ಮುಚ್ಚಬೇಡಿ, ಸಬ್ಜೆಕ್ಟ್ ತನಕ ಓದಿ. ಇಂಜಿನಿಯರಿಂಗ್, ಲಾ, ನರ್ಸಿಂಗ್, ಪಿಎಚ್‌ಡಿ ಇವೆಲ್ಲ ಯುಜಿಸಿ ನಿಯಮದಲ್ಲಿ ಆನ್‌ಲೈನಲ್ಲಿ ಇಲ್ವೇ ಇಲ್ಲ, ಅದನ್ನ ಯಾರಾದ್ರೂ ಮಾರ್ತಿದ್ರೆ ಪಟ್ಟಿ ನೋಡೋ ಕೆಲಸಾನೂ ಉಳೀತು.

ಸೆಷನ್ ಯಾಕೆ ಅಷ್ಟು ಮುಖ್ಯ ಅಂತೀರಾ? ನಮ್ಮ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13 ಆದ್ಮೇಲೆ ಯುಜಿಸಿ ಮಾನ್ಯತೆ ಇರ್ಲಿಲ್ಲ, ಮತ್ತೆ ಸಿಕ್ಕಿದ್ದು 2018ರಲ್ಲಿ. ಯುನಿವರ್ಸಿಟಿ ಅದೇ, ಹೆಸರೂ ಅದೇ, ನಡುವಿನ ಬ್ಯಾಚುಗಳವರು ಮಾತ್ರ ಸರ್ಟಿಫಿಕೇಟ್ ಹಿಡ್ಕೊಂಡು ಒದ್ದಾಡಿದ್ರು. ಹೋದ ವರ್ಷ ಸೇರಿದ ಫ್ರೆಂಡಿಗೆ ಏನೂ ತೊಂದ್ರೆ ಆಗಿಲ್ಲ ಅನ್ನೋದು ನಿಮ್ಮ ಸೆಷನ್ನಿಗೆ ಸಾಕ್ಷಿ ಆಗಲ್ಲ.

ಇನ್ನು ನ್ಯಾಕ್. ಅದು ಗುಣಮಟ್ಟದ ಗ್ರೇಡು, ಆನ್‌ಲೈನ್ ಕೋರ್ಸಿಗೆ ಪರ್ಮಿಷನ್ ಅಲ್ಲ.

ಡಿಇಬಿ ಐಡಿ ಅಂತ ಒಂದಿದೆ, 2024ರಿಂದ ಆನ್‌ಲೈನ್, ಡಿಸ್ಟೆನ್ಸ್ ಅಡ್ಮಿಷನ್ನಿಗೆ ಅದು ಬೇಕೇ ಬೇಕು. ಮೊದಲು ಡಿಜಿಲಾಕರ್ ಮೂಲಕ ಎಬಿಸಿ ಐಡಿ, ಅಂದ್ರೆ ನಿಮ್ಮ ಓದಿನ ಕ್ರೆಡಿಟ್ ಲೆಕ್ಕ ಇಡೋ ಖಾತೆಯ ನಂಬರು, ಆಮೇಲೆ ಡಿಇಬಿ ಸೈಟಲ್ಲಿ ಇದು, ಎರಡನ್ನೂ ನೀವೇ ಮಾಡ್ಕೊಳಿ. ಅದೆಲ್ಲ ಬೇಡ ಮೇಡಂ, ನಾವು ನೋಡ್ಕೋತೀವಿ ಅಂತ ಯಾರಾದ್ರೂ ಅಂದ್ರೆ ಅಲ್ಲಿಗೇ ನಿಲ್ಸಿ. ಹಾಗಂತ ಐಡಿ ಸಿಕ್ಕಿದ ತಕ್ಷಣ ಕೋರ್ಸಿಗೆ ಮಾನ್ಯತೆ ಇದೆ ಅಂತಾನೂ ಅಲ್ಲ, ಅದು ನಿಮ್ಮ ಗುರುತು ಅಷ್ಟೇ, ಪಟ್ಟಿಯನ್ನಂತೂ ನೋಡ್ಲೇಬೇಕು.

ದುಡ್ಡು ಯುನಿವರ್ಸಿಟಿ ಹೆಸರಿನ ಅಕೌಂಟಿಗೇ ಹೋಗ್ಬೇಕು, ಫ್ರಾಂಚೈಸಿ ಕೊಟ್ಟು ಕೋರ್ಸ್ ನಡೆಸೋಕೆ ಯುಜಿಸಿ ನಿಯಮದಲ್ಲಿ ಅವಕಾಶ ಇಲ್ಲ. ಇಎಂಐ ಅಂತ ಕಳಿಸೋ ಲಿಂಕನ್ನೂ ಓದಿ ನೋಡಿ, ಎಷ್ಟೋ ಸಲ ಅದು ಫೈನಾನ್ಸ್ ಕಂಪನಿಯ ಸಾಲ ಆಗಿರುತ್ತೆ, ಕೋರ್ಸ್ ಬಿಟ್ರೂ ಕಂತು ತಾನಾಗೇ ನಿಲ್ಲಲ್ಲ.

ಡಿಗ್ರಿ ಅಲ್ಲ, ಬರೀ ಸರ್ಟಿಫಿಕೇಟ್ ಕೋರ್ಸ್ ಅನ್ನೋರಿಗೆ ಡಿಇಬಿ ಪಟ್ಟಿ ಕೆಲಸಕ್ಕೆ ಬರಲ್ಲ. ಸ್ಕಿಲ್ ಕೋರ್ಸಿಗೆ ಸರ್ಕಾರದ ಮಾನ್ಯತೆ ಇದೆ ಅಂತ ಹೇಳಿದ್ರೆ ಕ್ವಾಲಿಫಿಕೇಷನ್ ಕೋಡ್ ಕೇಳಿ, ಅಂಥ ಮಾನ್ಯತೆ ಇರೋ ಕೋರ್ಸುಗಳ ಸರ್ಕಾರಿ ಪಟ್ಟಿ nqr.gov.in ನಲ್ಲಿದೆ, ಅಲ್ಲಿ ಹಾಕಿ ನೋಡಿ. ಕೋಡ್ ಇಲ್ದಿದ್ರೂ ಕಲಿಯೋಕೆ ಆ ಕೋರ್ಸ್ ಚೆನ್ನಾಗೇ ಇರ್ಬಹುದು, ಆದ್ರೆ ಸರ್ಕಾರಿ ಮಾನ್ಯತೆ ಅಂತ ಹೆಚ್ಚಿಗೆ ದುಡ್ಡು ಕೊಡಬೇಡಿ.