ಟೀಮ್‌ನಲ್ಲಿ ಜಗಳ ಶುರುವಾದರೆ ಮೊದಲು ಪುಲ್ ರಿಕ್ವೆಸ್ಟ್ ತೆರೆದು ನೋಡಿ

"ಪ್ರಾಜೆಕ್ಟ್ ಶುರುವಾದಾಗ ನಮ್ಮ ಟೀಮ್ ಎಷ್ಟು ಚೆನ್ನಾಗಿತ್ತು. ಎರಡು ತಿಂಗಳಾಗಿಲ್ಲ, ಈಗ ಪ್ರತಿ ಮೀಟಿಂಗ್‌ನಲ್ಲೂ ಕಿತ್ತಾಟ. ಇದು ಸ್ಟಾರ್ಮಿಂಗ್ ಸ್ಟೇಜ್, ತಾನಾಗೇ ಸರಿಹೋಗುತ್ತೆ ಅಂತಾರೆ ಮ್ಯಾನೇಜರ್. ನಿಜಾನಾ? ಸುಮ್ನೆ ಕಾಯ್ಬೇಕಾ?"

ಸ್ಟಾರ್ಮಿಂಗ್ ಅನ್ನುವುದು ನಿಜ ಇರಬಹುದು. ತಾನಾಗೇ ಸರಿಹೋಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಯಬೇಡಿ.

ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್ ಎಂಬ ನಾಲ್ಕು ಹಂತಗಳನ್ನು ಹೇಳಿದವರು ಬ್ರೂಸ್ ಟಕ್‌ಮನ್ ಎಂಬ ಅಮೆರಿಕದ ಮನೋವಿಜ್ಞಾನಿ, 1965ರಲ್ಲಿ. ಸಣ್ಣ ಗುಂಪುಗಳ ಬಗ್ಗೆ ಬೇರೆಯವರು ಬರೆದಿದ್ದ 50 ಲೇಖನಗಳನ್ನು ಓದಿ, ಅವುಗಳಲ್ಲಿ ಮತ್ತೆ ಮತ್ತೆ ಕಂಡದ್ದನ್ನು ಅವರು ಒಂದು ಕ್ರಮದಲ್ಲಿ ಜೋಡಿಸಿದರು. ಟ್ರೈನಿಂಗ್‌ಗಳಲ್ಲಿ ತೋರಿಸುವ ಸ್ಲೈಡ್‌ನಲ್ಲಿ ಒಂದು ವಿಷಯ ಬಿಟ್ಟುಹೋಗುತ್ತದೆ. ಟಕ್‌ಮನ್ ಪ್ರತಿ ಹಂತದಲ್ಲೂ ಎರಡು ಎಳೆಗಳನ್ನು ನೋಡಿದ್ದರು. ಒಂದು, ಜನ ಒಬ್ಬರೊಡನೊಬ್ಬರು ಹೇಗಿದ್ದಾರೆ ಎಂಬುದು. ಇನ್ನೊಂದು, ಅದೇ ಹೊತ್ತಿನಲ್ಲಿ ಕೆಲಸದ ಜೊತೆ ಅವರ ಸಂಬಂಧ ಹೇಗಿದೆ ಎಂಬುದು. ನಾವು ಮೊದಲನೆಯದನ್ನು ಮಾತ್ರ ಹಿಡಿದುಕೊಂಡು, ಜಗಳ ಅಂದರೆ ಸ್ವಭಾವದ ಸಮಸ್ಯೆ ಅಂದುಕೊಂಡು, ಟೀಮ್ ಲಂಚ್‌ಗೋ ನಂದಿಬೆಟ್ಟಕ್ಕೋ ಹೊರಡುತ್ತೇವೆ. ಸಾಫ್ಟ್‌ವೇರ್ ಟೀಮ್‌ನಲ್ಲಿ ಜಗಳದ ಬೇರು ಸಾಮಾನ್ಯವಾಗಿ ಎರಡನೆಯ ಎಳೆಯಲ್ಲಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಬೇರೆ ಬೇರೆ ಟೀಮ್‌ಗಳಲ್ಲಿ ನೋಡಿದ್ದನ್ನು ಸೇರಿಸಿ ಮಾಡಿಕೊಂಡಿರುವ ಉದಾಹರಣೆ ಇದು. ಔಟರ್ ರಿಂಗ್ ರೋಡ್ ಪಕ್ಕದ ಒಂದು ಆಫೀಸು, ಏಳು ಜನರ ಟೀಮ್. ವಾರದಲ್ಲಿ ಮೂರು ದಿನ ಆಫೀಸು, ಉಳಿದದ್ದು ಮನೆಯಿಂದ. ಮನೆಗೇ ಬಂದು ರಕ್ತದ ಸ್ಯಾಂಪಲ್ ತೆಗೆದುಕೊಂಡು ಹೋಗುವ ಸೇವೆಗೆ ಬುಕಿಂಗ್ ಆ್ಯಪ್ ಮಾಡಬೇಕು. ಗ್ರಾಹಕರು ಬೆಳಗ್ಗೆ ಏಳರ ಸ್ಲಾಟ್ ಆರಿಸಿ ದುಡ್ಡು ಕಟ್ಟಿದರೆ ಬುಕಿಂಗ್ ಆಗಬೇಕು, ಅಷ್ಟೇ.

ಮೊದಲ ಸ್ಪ್ರಿಂಟ್‌ನಲ್ಲಿ ಎಲ್ಲರೂ ಒಳ್ಳೆಯವರು. ಇದು ಫಾರ್ಮಿಂಗ್. ಸ್ಟ್ಯಾಂಡ್‌ಅಪ್‌ನಲ್ಲಿ ಎಲ್ಲರೂ ಟೀಮ್ ಲೀಡ್ ಮುಖ ನೋಡಿಕೊಂಡೇ ಮಾತಾಡುತ್ತಾರೆ. ಎಸ್ಟಿಮೇಟ್ ಕೇಳಿದರೆ ಲೀಡ್ ಹೇಳಿದ ಅಂಕಿಯೇ ಎಲ್ಲರ ಅಂಕಿ. ಪುಲ್ ರಿಕ್ವೆಸ್ಟ್ ಹಾಕಿದ ಹತ್ತು ನಿಮಿಷಕ್ಕೆ `LGTM` ಅಂತ ಬಂದು ಮರ್ಜ್ ಆಗುತ್ತದೆ. ಡಿಸೈನ್ ಡಾಕ್ಯುಮೆಂಟ್‌ನಲ್ಲಿ ಒಂದು ಸಾಲು ಇತ್ತು: "ಬುಕಿಂಗ್ ಆಗದಿದ್ದರೆ ಎರರ್ ತೋರಿಸಬೇಕು." ಏಳೂ ಜನ ಓದಿದರು, ಏಳೂ ಜನ ತಲೆಯಾಡಿಸಿದರು. ಎರರ್ ಅಂದರೆ ಏನು, ಯಾವ ರೂಪದಲ್ಲಿ ಬರುತ್ತದೆ, ಅದನ್ನು ಯಾರು ತೀರ್ಮಾನಿಸಬೇಕು ಅಂತ ಒಬ್ಬರೂ ಕೇಳಲಿಲ್ಲ. ಹೊಸ ಜಾಗದಲ್ಲಿ ಮೊದಲ ವಾರವೇ ಅಷ್ಟು ಸಣ್ಣ ಪ್ರಶ್ನೆ ಕೇಳಿದರೆ ದಡ್ಡರು ಅಂದುಕೊಂಡಾರು ಅನ್ನುವ ಸಂಕೋಚ ಎಲ್ಲರಿಗೂ ಇರುತ್ತದೆ, ಅಲ್ವಾ?

ಮೂರನೇ ಸ್ಪ್ರಿಂಟ್‌ನಲ್ಲಿ ಬ್ಯಾಕೆಂಡನ್ನೂ ಆಂಡ್ರಾಯ್ಡ್ ಆ್ಯಪನ್ನೂ ಜೋಡಿಸಿದರು. ಟೆಸ್ಟರ್ ಒಂದೇ ಸ್ಲಾಟನ್ನು ಎರಡು ಫೋನ್‌ನಿಂದ ಬುಕ್ ಮಾಡಿ ನೋಡಿದರು. ಒಂದಕ್ಕೆ ಮಾತ್ರ ಸ್ಲಾಟ್ ಸಿಗಬೇಕು. ಎರಡೂ ಫೋನ್‌ನಲ್ಲಿ "ನಿಮ್ಮ ಬುಕಿಂಗ್ ಖಚಿತವಾಗಿದೆ" ಅಂತ ಬಂತು! ಎರಡನೇ ಫೋನಿಗೆ ಸರ್ವರ್ ಕಳಿಸಿದ್ದು ಇದು:

```
HTTP/1.1 200 OK
Content-Type: application/json

{ "status": "FAILED", "reason": "SLOT_FULL" }
```

ಆ್ಯಪ್‌ನ ಕೋಡ್ `response.isSuccessful` ಮಾತ್ರ ನೋಡುತ್ತಿತ್ತು. 200ರಿಂದ 299ರ ಒಳಗಿನ ಯಾವ ಕೋಡ್ ಬಂದರೂ ಅದು ನಿಜವಾಗುತ್ತದೆ. ಒಳಗಿರುವ `FAILED` ಅನ್ನು ಆ್ಯಪ್ ಓದಲೇ ಇಲ್ಲ.

ಈಗ ಬಗ್ ಯಾರದು? ಟೆಸ್ಟರ್ ಬ್ಯಾಕೆಂಡ್ ಹುಡುಗನ ಹೆಸರಿಗೆ ಹಾಕಿದರು. ಅವನು "ಸರ್ವರ್ ಸರಿಯಾಗೇ ಉತ್ತರ ಕೊಟ್ಟಿದೆ, ಬಾಡಿ ಓದಿ" ಅಂತ ಬರೆದು ಮುಚ್ಚಿದ. ಆಂಡ್ರಾಯ್ಡ್ ಹುಡುಗಿ "ಆಗದ ಬುಕಿಂಗ್‌ಗೆ 200 ಯಾಕೆ, 409 ಕಳಿಸಿ" ಅಂತ ಮತ್ತೆ ತೆರೆದಳು. ಮತ್ತೆ ಮುಚ್ಚಿದರು, ಮತ್ತೆ ತೆರೆದರು. ಅಲ್ಲಿಂದ ಕಹಿ ಬೇರೆ ಕಡೆಗೂ ಹರಡಿತು. ಅವಳ ಪುಲ್ ರಿಕ್ವೆಸ್ಟ್ ನಾಲ್ಕು ದಿನ ಹಾಗೇ ಕೂತಿತು. ಅದರ ಕೆಳಗೆ ವೇರಿಯಬಲ್ ಹೆಸರಿನ ಬಗ್ಗೆ, ಖಾಲಿ ಸಾಲಿನ ಬಗ್ಗೆ ಸಾಲುಗಟ್ಟಿದ ಕಾಮೆಂಟ್‌ಗಳು. ರೆಟ್ರೋ ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡಲಿಲ್ಲ, ಕೆಳಗೆ ಟೀ ಅಂಗಡಿಯಲ್ಲಿ ಮಾತ್ರ ಎಲ್ಲ ಹೊರಗೆ ಬಂತು. ಇದನ್ನು ಬೆಂಗಳೂರಿನ ಆಫೀಸುಗಳಲ್ಲಿ ತುಂಬ ನೋಡಿದ್ದೇನೆ. ದೊಡ್ಡವರ ಎದುರು ಎದುರಾಡಬಾರದು ಅಂತ ಬೆಳೆದವರು ನಾವು. ಹಾಗಾಗಿ ಸ್ಟಾರ್ಮಿಂಗ್ ಮೀಟಿಂಗ್ ರೂಮಿಗೆ ಬರುವ ಮೊದಲೇ ಟೀ ಅಂಗಡಿಯಲ್ಲಿ ಶುರುವಾಗಿರುತ್ತದೆ, ಮ್ಯಾನೇಜರ್‌ಗೆ ಗೊತ್ತಾಗುವುದು ಕೊನೆಗೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಇಬ್ಬರ ಮಾತಲ್ಲೂ ನ್ಯಾಯ ಇದೆ. ಕೋರಿಕೆ ಸರ್ವರ್‌ಗೆ ಸರಿಯಾಗಿ ಮುಟ್ಟಿದೆ, ವ್ಯವಹಾರದ ಸೋಲನ್ನು ಬಾಡಿಯಲ್ಲಿ ಹೇಳೋಣ ಅನ್ನುವ ಪದ್ಧತಿ ಎಷ್ಟೋ ಕಡೆ ಇದೆ, ಅವನ ಹಿಂದಿನ ಪ್ರಾಜೆಕ್ಟ್‌ನಲ್ಲಿ ಹಾಗೇ ಇತ್ತು. ಸ್ಲಾಟ್ ತುಂಬಿದ್ದರೆ 409 ಕಳಿಸುವುದೂ ಒಪ್ಪುವಂಥದ್ದೇ, ಅವಳು ಅದನ್ನೇ ನೋಡಿಕೊಂಡು ಬಂದವಳು. ಇವರಿಬ್ಬರ ಸ್ವಭಾವದಲ್ಲಿ ಏನೂ ಕೆಟ್ಟಿಲ್ಲ. ಮೊದಲ ಸ್ಪ್ರಿಂಟ್‌ನಲ್ಲಿ ಕೇಳದೆ ಉಳಿದ ಪ್ರಶ್ನೆ ಈಗ ಬಗ್ ಆಗಿ ಬಂದಿದೆ. ಪುಲ್ ರಿಕ್ವೆಸ್ಟ್‌ನಲ್ಲಿ ಖಾಲಿ ಸಾಲಿನ ಬಗ್ಗೆ ಅಷ್ಟು ಕಾಮೆಂಟ್ ಬಿದ್ದರೆ, ಬೇರೆ ಎಲ್ಲೋ ಒಂದು ತೀರ್ಮಾನಕ್ಕೆ ವಾರಸುದಾರರಿಲ್ಲ ಅಂತಲೇ ನಾನು ಓದಿಕೊಳ್ಳುತ್ತೇನೆ.

ಲೀಡ್ ಇಲ್ಲಿ ಮಧ್ಯೆ ಬಂದು "409 ಮಾಡಿ, ಮುಗೀತು" ಅಂದುಬಿಡಬಹುದು. ಬಗ್ ಸರಿಹೋಗುತ್ತದೆ, ಟೀಮ್ ಮಾತ್ರ ಫಾರ್ಮಿಂಗ್‌ಗೆ ವಾಪಸ್ ಹೋಗುತ್ತದೆ. ಮುಂದಿನ ಜಗಳವೂ ನೇರ ಲೀಡ್ ಮೇಜಿಗೇ ಬರುತ್ತದೆ. ಈ ಟೀಮ್ ಲೀಡ್ ಬೇರೆಯದೇ ದಾರಿ ಹಿಡಿದರು. ಬ್ಯಾಕೆಂಡ್, ಆಂಡ್ರಾಯ್ಡ್, ಟೆಸ್ಟರ್ ಮೂವರನ್ನೂ ಒಂದೇ ಸ್ಕ್ರೀನ್ ಮುಂದೆ ಕೂರಿಸಿ, ಆ ಎರಡನೇ ಫೋನಿನ ಕೋರಿಕೆ ಎಲ್ಲಿಂದ ಹೊರಟು ಎಲ್ಲಿ ಮುಟ್ಟಿ ಏನಾಗಿ ವಾಪಸ್ ಬಂತು ಅಂತ ಲಾಗ್ ಹಿಡಿದು ಮೊದಲಿಂದ ಕೊನೆಯವರೆಗೆ ನೋಡಲು ಹೇಳಿದರು. ತಪ್ಪು ಯಾರದು ಅಂತ ಕೇಳಲಿಲ್ಲ. "ಈ ಉತ್ತರ ಹೀಗೇ ಇರಬೇಕು ಅಂತ ಕೋಡ್ ಬರೆಯುವ ಮುಂಚೆ ಎಲ್ಲಿ ಬರೆದಿಡಬೇಕಿತ್ತು, ಯಾರು ಒಪ್ಪಬೇಕಿತ್ತು?" ಇದೊಂದೇ ಪ್ರಶ್ನೆ.

ಅದರಿಂದ ಎರಡು ಕಟ್ಟುಪಾಡು ಹುಟ್ಟಿದವು. ಮೊದಲನೆಯದು, ಪ್ರತಿ ಎಪಿಐಗೂ ಮೊದಲು `openapi.yaml` ಫೈಲ್‌ನಲ್ಲಿ ಯಶಸ್ಸು, ಸೋಲು ಎರಡರ ರೂಪವನ್ನೂ ಬರೆಯಬೇಕು, ಆ ಬದಲಾವಣೆಯನ್ನು ಆಂಡ್ರಾಯ್ಡ್ ಕಡೆಯವರೊಬ್ಬರೂ ಟೆಸ್ಟರೂ ಒಪ್ಪಿದ ಮೇಲೇ ಕೋಡ್ ಶುರು. ಎರಡನೆಯದು, ಪುಲ್ ರಿಕ್ವೆಸ್ಟ್‌ನಲ್ಲಿ ಒಂದೇ ವಿಷಯಕ್ಕೆ ಎರಡು ಸುತ್ತು ಕಾಮೆಂಟ್ ಆದರೆ ಬರೆಯುವುದು ನಿಲ್ಲಿಸಿ ಕಾಲ್ ಮಾಡಬೇಕು, ಆದ ತೀರ್ಮಾನವನ್ನು ಅಲ್ಲೇ ಒಂದು ಸಾಲಲ್ಲಿ ದಾಖಲಿಸಬೇಕು. ಸ್ಲಾಟ್ ತುಂಬಿದ್ದರೆ 409, ಜೊತೆಗೆ ಬಾಡಿಯಲ್ಲಿ ಕಾರಣ ಅಂತಲೂ ಆಯಿತು. ನಿಜ ಹೇಳಬೇಕೆಂದರೆ 200 ಅಂತಲೇ ಆಗಿದ್ದರೂ ಟೀಮ್‌ಗೆ ನಷ್ಟ ಇರಲಿಲ್ಲ.

ಇಲ್ಲಿಂದ ನಾರ್ಮಿಂಗ್. ಮೊದಲ ದಿನವೇ ಲೀಡ್ ಈ ನಿಯಮಗಳನ್ನು ಕಾನ್ಫ್ಲುಯೆನ್ಸ್ ಪೇಜಿನಲ್ಲಿ ಹಾಕಿದ್ದರೆ ಆಗುತ್ತಿರಲಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಹಾಕಬಹುದು, ಹಾಕುವುದು ಒಳ್ಳೆಯದೇ. ಆದರೆ ಅಂಥ ಪೇಜನ್ನು ಯಾರೂ ತೆರೆಯುವುದಿಲ್ಲ, ಯಾಕೆಂದರೆ ಅದು ಯಾವ ನೋವಿಗೆ ಔಷಧಿ ಅಂತ ಅವರಿಗೆ ಗೊತ್ತಿರುವುದಿಲ್ಲ. ನಿಯಮ ಟೀಮ್‌ನದ್ದಾಗಿದೆ ಅಂತ ನನಗೆ ಗೊತ್ತಾಗುವುದು ಒಂದೇ ಗುರುತಿನಿಂದ: ಲೀಡ್ ಅಲ್ಲದ ಯಾರಾದರೂ ಅದನ್ನು ನೆನಪಿಸಿದಾಗ. ಬ್ಯಾಕೆಂಡ್ ಹುಡುಗನೇ ಇನ್ನೊಬ್ಬನಿಗೆ "ಮೊದಲು ಫೈಲ್ ಬದಲಾಯಿಸು, ಆಮೇಲೆ ಕೋಡ್" ಅಂದನಲ್ಲ, ಆಗ.

ಆದರೆ ಜಗಳ ನಿಂತಿತು ಅಂದ ಮಾತ್ರಕ್ಕೆ ನಾರ್ಮಿಂಗ್ ಅಂತ ತಿಳಿಯಬೇಡಿ. ಸುಸ್ತಾಗಿ ಸುಮ್ಮನಾದ ಟೀಮ್ ಕೂಡ ಶಾಂತವಾಗೇ ಕಾಣುತ್ತದೆ. ಪುಲ್ ರಿಕ್ವೆಸ್ಟ್ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನಿಜವಾದ ನಾರ್ಮಿಂಗ್‌ನಲ್ಲಿ ಪ್ರಶ್ನೆಗಳು ಇರುತ್ತವೆ, "ಎರಡು ಸಲ ಒತ್ತಿದರೆ ಏನಾಗುತ್ತೆ?" ಥರದವು, ಮತ್ತು ಉತ್ತರ ಅದೇ ದಿನ ಬರುತ್ತದೆ. ಸುಸ್ತಾದ ಟೀಮ್‌ನಲ್ಲಿ ಮತ್ತೆ ಬರೀ `LGTM`.

ಪರ್ಫಾರ್ಮಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದೇ ಘಟನೆ ಸಾಕು. ರಿಲೀಸ್ ಆಗಿ ಸ್ವಲ್ಪ ದಿನಕ್ಕೆ `LAB_HOLIDAY` ಅಂತ ಹೊಸ ಕಾರಣ ಸೇರಿಸಬೇಕಾಯಿತು. ಬ್ಯಾಕೆಂಡ್ ಹುಡುಗ ಫೈಲ್ ಬದಲಾಯಿಸಿ ಹಾಕಿದ. ಟೆಸ್ಟರ್ ಬಂದು, ಗ್ರಾಹಕರ ಫೋನ್‌ನಲ್ಲಿರುವ ಹಳೇ ಆ್ಯಪ್‌ಗೆ ಈ ಕಾರಣವೇ ಗೊತ್ತಿಲ್ಲ, ಅದು ಏನು ತೋರಿಸುತ್ತೆ ಅಂತ ಕೇಳಿದರು. ಆಂಡ್ರಾಯ್ಡ್ ಹುಡುಗಿ ಹಳೇ ಆವೃತ್ತಿ ಹಾಕಿ ನೋಡಿ, ಖಾಲಿ ಮೆಸೇಜ್ ಬರುತ್ತೆ, ಹಾಗಾಗಿ ಓದುವಂಥ ಒಂದು ಸಾಲನ್ನೂ ಸರ್ವರ್‌ನಿಂದಲೇ ಕಳಿಸೋಣ, ಅದು ಬಂದರೆ ಹಳೇ ಆ್ಯಪ್ ಹಾಗೇ ತೋರಿಸುತ್ತೆ ಅಂದಳು. ಅವನು ಮೊದಲು ಒಪ್ಪಲಿಲ್ಲ, ಕಾಲ್‌ನಲ್ಲಿ ಮಾತಾಡಿ ಸಂಜೆಯೊಳಗೆ ಒಪ್ಪಿದ. ಅವತ್ತು ಲೀಡ್ ರಜೆಯಲ್ಲಿದ್ದರು. ಭಿನ್ನಾಭಿಪ್ರಾಯ ಆಗಲೂ ಇತ್ತು, ಆದರೆ ಅದಕ್ಕೆ ಹೋಗಲು ಒಂದು ದಾರಿ ಇತ್ತು.

ಹೊಸಬರು ಇಬ್ಬರು ಸೇರಿದರೆ ಟೀಮ್ ಮತ್ತೆ ಹಿಂದಕ್ಕೆ ಬರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಅವರಿಗೆ ನಿಯಮದ ಲಿಂಕ್ ಕೊಟ್ಟು ಕೈತೊಳೆದುಕೊಳ್ಳದೆ, ಆ ಎರಡು ಫೋನಿನ ಕಥೆ ಹೇಳಿ, ನಿಯಮ ಸರಿ ಇಲ್ಲ ಅನ್ನಿಸಿದರೆ ಬದಲಾಯಿಸಲು ಬಿಡಿ.

ಈ ಮಾದರಿಯ ಮಿತಿಯೂ ಗೊತ್ತಿರಲಿ. ಟಕ್‌ಮನ್ ಓದಿದ ಲೇಖನಗಳಲ್ಲಿ ಚಿಕಿತ್ಸೆಗಾಗಿ ಸೇರಿದ ಗುಂಪುಗಳದ್ದೇ ದೊಡ್ಡ ಪಾಲು, ಅದನ್ನು ಅವರೇ ಹೇಳಿದ್ದರು. 1988ರಲ್ಲಿ ಕಾನಿ ಗರ್ಸಿಕ್ ಎಂಬ ಸಂಶೋಧಕಿ ಎಂಟು ಗುಂಪುಗಳನ್ನು ಶುರುವಿನಿಂದ ಕೊನೆಯವರೆಗೆ ನೋಡಿ ಬರೆದದ್ದು ಬೇರೆಯೇ. ಆ ಗುಂಪುಗಳು ಹೀಗೆ ಮೆಟ್ಟಿಲು ಹತ್ತಲಿಲ್ಲ, ಕೊಟ್ಟ ಗಡುವಿನ ಸುಮಾರು ಅರ್ಧ ಕಳೆದಾಗ ಒಮ್ಮೆಲೇ ಕೆಲಸದ ರೀತಿ ಬದಲಾಯಿಸಿಕೊಂಡವು. ಆದ್ದರಿಂದ ಎಂಟನೇ ವಾರಕ್ಕೆ ನಾರ್ಮಿಂಗ್ ಅಂತ ಪ್ಲಾನ್‌ನಲ್ಲಿ ಬರೆದಿಡುವುದಕ್ಕೆ ಅರ್ಥವಿಲ್ಲ.

ಇನ್ನೊಂದು. ಒಬ್ಬರನ್ನೇ ಗುರಿಮಾಡಿ ಎಲ್ಲರೆದುರು ಅವಮಾನ ಮಾಡುತ್ತಿದ್ದರೆ, ಅಥವಾ ಯಾರಿಂದಲೂ ಮುಗಿಸಲಾಗದ ತಾರೀಕನ್ನು ಮೇಲಿನವರು ಹೇರಿದ್ದರಿಂದ ಜನ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದರೆ, ಅದನ್ನು ಸ್ಟಾರ್ಮಿಂಗ್ ಅಂತ ಕರೆಯಬೇಡಿ. ಮೊದಲನೆಯದಕ್ಕೆ ಎಚ್‌ಆರ್ ಬಳಿ ಹೋಗಬೇಕು, ಎರಡನೆಯದಕ್ಕೆ ತಾರೀಕು ಬದಲಾಗಬೇಕು. ಎರಡೂ ಅಲ್ಲ ಅಂತಾದರೆ ಈ ವಾರ ಟೀಮ್‌ನ ಹಿಂದಿನ ಹತ್ತು ಪುಲ್ ರಿಕ್ವೆಸ್ಟ್ ತೆರೆದು, ಯಾವ ಒಂದು ವಿಷಯಕ್ಕೆ ಜನ ಮತ್ತೆ ಮತ್ತೆ ಎಡವುತ್ತಿದ್ದಾರೆ ಅಂತ ಹುಡುಕಿ. ಅದಕ್ಕೆ ಸಂಬಂಧಪಟ್ಟ ಮೂವರನ್ನು ಒಂದು ಗಂಟೆ ಕೂರಿಸಲು ನಿಮ್ಮ ಮ್ಯಾನೇಜರ್‌ಗೆ ಹೇಳಿ.