ತೋಟದ ದೃಶ್ಯದ ಪ್ರಗತಿ: ಕಟ್ ಬಿದ್ದಾಗಲೂ ಮುಖದ ಬಣ್ಣ ಜಾರದಂತೆ ಹಿಡಿದಿಡುವುದು

ಅಣ್ಣ, ತಮ್ಮ ಎರಡೂ ಪಾತ್ರ ಒಬ್ಬನೇ ನಟನದ್ದಾದ ಕಿರುಚಿತ್ರದ ಕೆಲಸ ಇದು. ವಿರಾಜಪೇಟೆ ಕಡೆಯ ಕಾಫಿ ತೋಟದಲ್ಲಿ ತೆಗೆದ ದೃಶ್ಯದ ಮೂರು ಶಾಟ್‌ಗಳ ಬಣ್ಣ ಈಗ ಒಂದು ಹದಕ್ಕೆ ಬಂದಿದೆ. ತಮ್ಮನ ಜಾಗದಲ್ಲಿ ನಿಂತವನು ಬೇರೊಬ್ಬ ಹುಡುಗ, ಅವನ ಮೈಮೇಲೆ ನಟನ ಮುಖ ಕೂರಿಸಿದ್ದೇವೆ. ಇಬ್ಬರದೂ ಲಿಖಿತ ಒಪ್ಪಿಗೆ ಇದೆ; ಮುಖ ಬದಲಿಸಿದ ವಿಷಯ ಕೊನೆಯ ಟೈಟಲ್‌ನಲ್ಲೂ ಬರುತ್ತದೆ. ಶಾಟ್ 7ರಲ್ಲಿ ಅವನು ಸಿಲ್ವರ್ ಓಕ್ ನೆರಳಿನಲ್ಲಿ ನಡೆದು ಬರುತ್ತಾನೆ. ಶಾಟ್ 8 ಕಾಫಿ ಒಣಹಾಕಿದ ಕಣದ ಅಂಚಿನಲ್ಲಿ ಕ್ಲೋಸಪ್. ಶಾಟ್ 9ರಲ್ಲಿ ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು ಹಣ್ಣು ಕೊಯ್ಯುತ್ತಾನೆ.

ಮುಖದ ಬಣ್ಣ ಎಲ್ಲ ಶಾಟ್‌ನಲ್ಲೂ ಒಂದೇ ಇರಬೇಕು ಎಂದು ಹೊರಟರೆ ಕೆಲಸ ಕೆಡುತ್ತದೆ. ನೆರಳಿಂದ ಬಿಸಿಲಿಗೆ ಬಂದವನ ಮುಖ ಬೇರೆಯಾಗಿ ಕಾಣಲೇಬೇಕು. ಬದಲಾಗಬಾರದ್ದು ಮುಖಕ್ಕೂ ಕುತ್ತಿಗೆಗೂ ನಡುವಿನ ಬಣ್ಣದ ಅಂತರ. ಕುತ್ತಿಗೆ, ಕಿವಿ, ಕೈ ಇವೆಲ್ಲ ಕ್ಯಾಮೆರಾ ನಿಜವಾಗಿ ಕಂಡ ಚರ್ಮ. ಮೋಡ ಬಂದಾಗ ಕುತ್ತಿಗೆ ಮಂಕಾಗಿ ಮುಖ ಮಾತ್ರ ಹಾಗೇ ಉಳಿದರೆ, ಏನು ತಪ್ಪಾಗಿದೆ ಎಂದು ಹೇಳಲಾಗದಿದ್ದರೂ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಅದಕ್ಕೇ ನಮ್ಮ ಅಳತೆಯೆಲ್ಲ ದವಡೆಯಿಂದ ಎರಡು ಬೆರಳು ಕೆಳಗಿನ ಚರ್ಮವನ್ನು ಆಧಾರವಾಗಿಟ್ಟುಕೊಂಡಿದೆ.

ಕೆಲಸದ ಕ್ರಮ ಮುಖ್ಯ. ಮೊದಲು ಮೂಲ ಶಾಟ್‌ಗಳನ್ನೇ ಒಂದಕ್ಕೊಂದು ಹೊಂದಿಸಬೇಕು: ಬೆಳಕಿನ ಹರವನ್ನೆಲ್ಲ ಒತ್ತಿ ಮಂಕಾಗಿ ದಾಖಲಿಸುವ ಲಾಗ್‌ನಲ್ಲಿ ತೆಗೆದದ್ದನ್ನು ಮಾಮೂಲಿ ಪರದೆಯ ಬಣ್ಣದ ಮಾನದಂಡವಾದ ರೆಕ್ 709ಕ್ಕೆ ತಂದು ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಸರಿ ಮಾಡಿ ಅಲ್ಲಿಗೆ ನಿಲ್ಲಿಸುವುದು. ಆಮೇಲೆ ಮುಖ ಕೂರಿಸುವುದು, ಅದಾದ ಮೇಲೆ ಮುಖವನ್ನು ಕುತ್ತಿಗೆಗೆ ಹೊಂದಿಸುವುದು. ಚಿತ್ರಕ್ಕೆ ಬೇಕಾದ ಬೆಚ್ಚನೆಯ ಛಾಯೆ ಕಟ್ಟಕಡೆಗೆ, ಇಡೀ ಫ್ರೇಮ್‌ಗೆ ಒಟ್ಟಾಗಿ. ಛಾಯೆ ಹಚ್ಚಿದ ಫೂಟೇಜ್ ಮೇಲೆ ಮುಖ ಕೂರಿಸಿದರೆ, ನಿರ್ದೇಶಕರು ಛಾಯೆ ಬದಲಿಸಿ ಎಂದ ದಿನ ಮುಖದ ಕೆಲಸವೂ ಮೊದಲಿಂದ ಶುರುವಾಗುತ್ತದೆ. ಲಾಗ್ ಫೂಟೇಜನ್ನು ನೇರವಾಗಿ ಕೊಡುವುದೂ ಬೇಡ. ಮುಖ ಕೂರಿಸಲು ನಾವು ಬಳಸುವ ಡೀಪ್‌ಫೇಸ್‌ಲ್ಯಾಬ್ 8 ಬಿಟ್ ಚಿತ್ರಗಳಲ್ಲಿ ಕೆಲಸ ಮಾಡುತ್ತದೆ. ಲಾಗ್‌ನಲ್ಲಿ ಚರ್ಮದ ಛಾಯೆಗಳೆಲ್ಲ ಇಕ್ಕಟ್ಟಾಗಿ ಕೂತಿರುವುದರಿಂದ, ಆಮೇಲೆ ಎಳೆದಾಗ ಕೆನ್ನೆಯ ಮೇಲೆ ಪಟ್ಟಿಪಟ್ಟಿ ಏಳುತ್ತದೆ.

ಫ್ರೇಮ್‌ಗಳನ್ನು ಬಿಡಿಸುವಾಗಲೂ ಬಣ್ಣ ಜಾರಬಹುದು. ಫೈಲ್‌ನಲ್ಲಿ ಬಣ್ಣದ ಗುರುತು ಇಲ್ಲದಿದ್ದರೆ ಬಿಡಿಸುವ ಪ್ರೋಗ್ರಾಂ ffmpeg ಹಳೆಯ ಟಿವಿ ಮಾನದಂಡವಾದ 601ರ ಲೆಕ್ಕ ಹಿಡಿದು, ಕೆಂಪು, ಹಸಿರು ಸ್ವಲ್ಪ ವಾಲಬಹುದು. ಹಾಗಾಗಿ ಬಾಯಿಬಿಟ್ಟು ಹೇಳಿಬಿಡುವುದೇ ಒಳ್ಳೆಯದು:

```
ffmpeg -i shot_08.mov -vf "scale=in_color_matrix=bt709:in_range=tv:out_range=pc,format=rgb24" shot_08/%05d.png
```

ಶಾಟ್ 8ರ ತೊಂದರೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮಿನುಗುವ ಮುಖದ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಮುಖ ಕೂರಿಸುವಾಗ ಬಣ್ಣ ಹೊಂದಿಸಲು `rct` ಎಂಬ ಆಯ್ಕೆ ಇದೆ. ಅದು ಬೆಳಕನ್ನು L, ಹಸಿರು-ಕೆಂಪನ್ನು a, ನೀಲಿ-ಹಳದಿಯನ್ನು b ಎಂದು ಅಳೆಯುವ ಲ್ಯಾಬ್ ಬಣ್ಣದಳತೆಯಲ್ಲಿ ಎರಡೂ ಮುಖಗಳ ಸರಾಸರಿ ಮತ್ತು ಹರವು ಲೆಕ್ಕ ಹಾಕಿ, ಹೊಸ ಮುಖವನ್ನು ಹಳೆಯದಕ್ಕೆ ಎಳೆಯುತ್ತದೆ. ಕಷ್ಟ ಏನೆಂದರೆ, ಈ ಲೆಕ್ಕ ಪ್ರತಿ ಫ್ರೇಮ್‌ಗೂ ಹೊಸದಾಗಿ ನಡೆಯುತ್ತದೆ. ಎಲೆ ಸಂದಿಯಿಂದ ಬಿಸಿಲಿನ ಒಂದು ಚುಕ್ಕೆ ಹುಡುಗನ ಹಣೆಗೆ ಬಿತ್ತು ಎನ್ನಿ. ಅವನ ಮುಖದ ಬೆಳಕಿನ ಹರವು 8ರಿಂದ 16ಕ್ಕೆ ಏರುತ್ತದೆ. ಕೂರಿಸಿದ ಮುಖದಲ್ಲಿ ಆ ಚುಕ್ಕೆ ಅಷ್ಟು ಚೂಪಾಗಿ ಮೂಡಿರುವುದಿಲ್ಲ, ಅದರ ಹರವು 8ರ ಆಸುಪಾಸಿನಲ್ಲೇ ಇರುತ್ತದೆ. ಲೆಕ್ಕ ಇಡೀ ಮುಖವನ್ನು ಎರಡು ಪಟ್ಟು ಹಿಗ್ಗಿಸುತ್ತದೆ: ಸರಾಸರಿಗಿಂತ 10 ಕೆಳಗಿದ್ದ ಕಣ್ಣಿನ ಗುಳಿ 20 ಕೆಳಗೆ ಇಳಿದು ಕಪ್ಪಾಗುತ್ತದೆ. ಚುಕ್ಕೆ ಸರಿದ ಕೂಡಲೇ ಮುಖ ಮತ್ತೆ ಮೊದಲಿನಂತೆ. ಕೈ ಕೆನ್ನೆಯ ಮುಂದೆ ಹಾದಾಗ, ಕೂದಲು ಮುಖದ ಗಡಿ ಗುರುತಿಸುವ ಮಾಸ್ಕ್ ಒಳಗೆ ನುಗ್ಗಿದಾಗಲೂ ಇದೇ ಆಗುತ್ತದೆ. ಕುತ್ತಿಗೆ ನಿಶ್ಚಲವಾಗಿದ್ದು ಕಣ್ಣಿನ ಗುಳಿ ಮಾತ್ರ ಬಡಿದುಕೊಳ್ಳುತ್ತಿದ್ದರೆ ಬೆಳಕನ್ನು ಬೈಯಬೇಡಿ, ಈ ಲೆಕ್ಕವನ್ನೇ ಅನುಮಾನಿಸಿ.

ಪರಿಹಾರ ಸರಳ: ಒಂದು ಶಾಟ್‌ಗೆ ಒಂದೇ ತಿದ್ದುಪಡಿ. `rct` ಬಳಸದೆ ಮುಖವನ್ನೂ ಮಾಸ್ಕನ್ನೂ ಬೇರೆಬೇರೆಯಾಗಿ ಹೊರತೆಗೆದು, ಶಾಟ್‌ನ ಎಲ್ಲ ಫ್ರೇಮ್‌ಗಳ ನಡುಬೆಲೆಯಿಂದ ತಿದ್ದುತ್ತೇವೆ. ಇಲ್ಲಿ `s` ಕೂರಿಸಿದ ಮುಖ, `t` ಹುಡುಗನ ಮೂಲ ಮುಖ, `mu` ಸರಾಸರಿ, `sd` ಹರವು:

```python
k = np.clip(np.median(sd_t, axis=0) / np.median(sd_s, axis=0), 0.85, 1.15)
out = (face - np.median(mu_s, axis=0)) * k + np.median(mu_t, axis=0)
```

ಹೀಗೆ ಬಿಗಿದರೆ ಮೋಡ ಬಂದಾಗ ಮುಖ ಮಂಕಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಮಂಕಾಗುತ್ತದೆ. ನಟನ ಮುಖವನ್ನು ಚೆನ್ನಾಗಿ ಕಲಿತ ಮಾಡೆಲ್ ಮೂಲ ಮುಖದ ಬೆಳಕನ್ನು ತಕ್ಕಮಟ್ಟಿಗೆ ಹೊತ್ತೇ ಬಂದಿರುತ್ತದೆ. ನಾವು ಸೇರಿಸುವುದು ಬದಲಾಗದ ಒಂದು ತಿದ್ದುಪಡಿ ಮಾತ್ರ. ಶಾಟ್ ನಡುವೆ ಬೆಳಕು ತೀರಾ ಬದಲಾಗಿ ಅದು ಸಾಲದೇ ಹೋದರೆ, ನಡುಬೆಲೆಯನ್ನು 25 ಫ್ರೇಮ್‌ಗಳ ಕಿಟಕಿಯಲ್ಲಿ ಸರಿಸುತ್ತಾ ಹೋಗಬಹುದು. ಆದರೆ ಆ ಕಿಟಕಿ ಕಟ್ ದಾಟಬಾರದು. ದಾಟಿದರೆ ಕಟ್ ಆಸುಪಾಸಿನ ಫ್ರೇಮ್‌ಗಳ ಲೆಕ್ಕದಲ್ಲಿ ಪಕ್ಕದ ಶಾಟ್‌ನ ಬಣ್ಣವೂ ಬೆರೆಯುತ್ತದೆ. ಪ್ರತಿ ಶಾಟನ್ನೂ ಬೇರೆ ಫೋಲ್ಡರಿನಲ್ಲಿ ಇಟ್ಟಿರುವುದು ಇದಕ್ಕಾಗಿಯೇ. ಹಣೆಯ ಮೇಲಿನ ಬಿಸಿಲ ಚುಕ್ಕೆಯನ್ನು ಬಣ್ಣ ತಿದ್ದುವ ಪ್ರೋಗ್ರಾಂ ರಿಸಾಲ್ವ್‌ನಲ್ಲಿ ಟ್ರ್ಯಾಕ್ ಮಾಡಿದ ಮೆತ್ತನೆಯ ವಿಂಡೋ ಹಾಕಿ ಮರಳಿ ತಂದಿದ್ದೇವೆ.

ಶಾಟ್ 9ರ ತಾಪತ್ರಯ ಬೇರೆ, ತೋಟದಲ್ಲಿ ಶೂಟ್ ಮಾಡುವವರೆಲ್ಲ ಎದುರಿಸುವಂಥದ್ದು. ಗಿಡಗಳ ನಡುವೆ ಕೂತಾಗ ಎಲೆಗಳ ಹಸಿರು ಕೆಳಗಿನಿಂದ ಗದ್ದಕ್ಕೂ ಕುತ್ತಿಗೆಗೂ ಹೊಡೆಯುತ್ತದೆ. ಮಾಡೆಲ್ ನೋಡಿದ ನಟನ ಚಿತ್ರಗಳಲ್ಲಿ ಆ ಹಸಿರು ಇರಲಿಲ್ಲ, ಹಾಗಾಗಿ ಕುತ್ತಿಗೆ ಹಸಿರು, ಮುಖ ಕೆಂಪು. ಇಡೀ ಮುಖಕ್ಕೆ ಹಸಿರು ಬೆರೆಸಿದರೆ ಹಣೆ ರೋಗಿಯದಂತೆ ಕಾಣುತ್ತದೆ. ಮೂಲ ಫ್ರೇಮ್‌ನಲ್ಲಿ ಹುಡುಗನ ಕೆನ್ನೆಗೂ ಗದ್ದಕ್ಕೂ a ಬೆಲೆಯಲ್ಲಿ (ಹಸಿರು-ಕೆಂಪಿನ ಅಳತೆ) ಎಷ್ಟು ವ್ಯತ್ಯಾಸವಿದೆ ಎಂದು ನೋಡಿದೆವು: ಸುಮಾರು 4. ಅಷ್ಟನ್ನೇ ಮುಖದ ಕೆಳಗಿನ ಮೂರನೇ ಒಂದು ಭಾಗಕ್ಕೆ, ಮೂಗಿನ ಬುಡದಲ್ಲಿ ಸೊನ್ನೆಯಾಗಿ ಗದ್ದದಲ್ಲಿ ಪೂರ್ತಿಯಾಗುವಂತೆ ಇಳಿಸಿದಾಗ ದವಡೆಯ ಗೆರೆ ಮಾಯವಾಯಿತು.

ಕಟ್‌ಗಳನ್ನು ಪರೀಕ್ಷಿಸಲು ಬರೀ ಓಡಿಸಿ ನೋಡಿದರೆ ಸಾಲದು. ಶಾಟ್ 8ರ ಒಂದು ಒಳ್ಳೆಯ ಫ್ರೇಮನ್ನು ಗ್ಯಾಲರಿಯಲ್ಲಿ ಸ್ಟಿಲ್ ಆಗಿ ಇಟ್ಟು, ಪ್ರತಿ ಕಟ್‌ನ ಹಿಂದಿನ ಕೊನೆಯ ಫ್ರೇಮ್, ಮುಂದಿನ ಮೊದಲ ಫ್ರೇಮ್ ಎರಡನ್ನೂ ಅದರ ಪಕ್ಕ ವೈಪ್ ಹಾಕಿ ನೋಡುತ್ತೇವೆ. ಕೆನ್ನೆ ಮತ್ತು ಕುತ್ತಿಗೆಯ a, b ವ್ಯತ್ಯಾಸ ಸ್ಟಿಲ್‌ನಲ್ಲಿರುವುದಕ್ಕಿಂತ 1.5ರೊಳಗೆ ಆಚೀಚೆ ಇದ್ದರೆ ಬಿಡುತ್ತೇವೆ. ಇದು ನಮ್ಮ ಕಣ್ಣಿಗೆ ಒಪ್ಪಿದ ಮಿತಿ, ಶಾಸ್ತ್ರವಲ್ಲ. L ಬೆಲೆಗೂ ಶಾಟ್ 9ರಂತೆ ಹಸಿರು ಹೊಡೆದ ಕುತ್ತಿಗೆಗೂ ಈ ನಿಯಮ ಹಾಕುವುದಿಲ್ಲ, ಗದ್ದದ ನೆರಳು, ಎಲೆಯ ಹಸಿರು ಶಾಟ್‌ನಿಂದ ಶಾಟ್‌ಗೆ ಬೇರೆಯಿರುತ್ತವೆ. ಅವನ್ನು ಆಯಾ ಶಾಟ್‌ನ ಮೂಲ ಫ್ರೇಮ್‌ಗೆ ಹೋಲಿಸಬೇಕು.

ಉಳಿದಿರುವುದು ಬೆಳಗಿನ ಮಂಜಿನ ಶಾಟ್ 12. ಮಂಜಿನಲ್ಲಿ ದೂರ ನಿಂತವನ ಕಪ್ಪುಗಳೆಲ್ಲ ಬೂದಿಯಾಗಿ ಮೇಲೇಳುತ್ತವೆ, ಆದರೆ ಕೂರಿಸಿದ ಮುಖದ ಹುಬ್ಬು, ರೆಪ್ಪೆ ಅಪ್ಪಟ ಕಪ್ಪಾಗಿ ಮುಂದೆ ಎದ್ದು ನಿಲ್ಲುತ್ತವೆ. ಅಲ್ಲಿ ಸರಾಸರಿ ಮುಟ್ಟದೆ, ಹುಡುಗ ತೊಟ್ಟ ಕೊಡವರ ಕಪ್ಪು ನಿಲುವಂಗಿ ಕುಪ್ಯದ ಕೊರಳಂಚಿನ ಬೆಲೆಯನ್ನು ವೇವ್‌ಫಾರ್ಮ್‌ನಲ್ಲಿ ಓದಿಕೊಂಡು, ಕಪ್ಪಿನ ಮಟ್ಟ ಏರಿಸುವ ಲಿಫ್ಟ್ ಮಾತ್ರ ಎತ್ತಿ ಹುಬ್ಬನ್ನು ಅದೇ ಮಟ್ಟಕ್ಕೆ ತರುವ ಪ್ರಯೋಗ ನಡೆಯುತ್ತಿದೆ.