ಉಚ್ಚೆಗೆ ಮೂರು ದಾರಿ, ಕಕ್ಕಕ್ಕೆ ಒಂದೇ ದಾರಿ

ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು ಆದಾಗ ಅವನ ಡೈಪರ್ ಬಿಡಿಸುವ ಕೆಲಸ ಮೂರು ಕಡೆ ಒಟ್ಟಿಗೇ ನಡೆಯುತ್ತಿತ್ತು. ಕಾಸರಗೋಡಿನ ವಿದ್ಯಾನಗರದ ನಮ್ಮ ಫ್ಲ್ಯಾಟಿನಲ್ಲಿ ನಾನು ಮತ್ತು ಗಂಡ. ಹಗಲು ಹತ್ತಿರದ ಡೇಕೇರ್. ಶನಿವಾರ, ಭಾನುವಾರ ನೀರ್ಚಾಲಿನ ಊರಮನೆಯಲ್ಲಿ ಅತ್ತೆ, ಮಾವ. ಮೂವರದೂ ಬೇರೆ ಬೇರೆ ಪದ್ಧತಿ.

ನಮ್ಮದು ಕಾಯುವ ಪದ್ಧತಿ. ಡೈಪರ್ ಎರಡು ಗಂಟೆ ಒಣಗಿಯೇ ಇರುತ್ತದಾ, ಒದ್ದೆಯಾದರೆ ಬಂದು ಹೇಳುತ್ತಾನಾ, ಚಡ್ಡಿ ತಾನೇ ಕೆಳಗೆ ಎಳೆಯುತ್ತಾನಾ ಎಂದು ನೋಡಿದೆವು. ಆಮೇಲೆ ನಡುಮನೆಯ ಮೂಲೆಯಲ್ಲಿ ಸಣ್ಣ ಪಾಟಿ ಇಟ್ಟೆವು. ಬೇಕಾದಾಗ ಕೂರಲಿ ಅಂತ. ಅತ್ತೆಯದು ಹಳೆಯ ಪದ್ಧತಿ. ಬೆಳಿಗ್ಗೆ ಎದ್ದ ಕೂಡಲೇ ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ತಮ್ಮ ಎರಡು ಪಾದಗಳ ಮೇಲೆ ಮಗುವನ್ನು ಕುಕ್ಕರುಗಾಲಲ್ಲಿ ಕೂರಿಸಿ 'ಸ್ಸ್' ಎನ್ನುವುದು. ಮೂರು ಮಕ್ಕಳಿಗೂ ಒಂದು ವರ್ಷದೊಳಗೆ ಹೀಗೇ ಅಭ್ಯಾಸ ಮಾಡಿಸಿದವರು ಅವರು. ಡೇಕೇರಿನದು ಗಡಿಯಾರದ ಪದ್ಧತಿ. ಎರಡು ವರ್ಷ ದಾಟಿದ ಮಕ್ಕಳಿಗೆ ಅಲ್ಲಿ ಡೈಪರ್ ಇಲ್ಲ. ಹತ್ತೂವರೆಯ ತಿಂಡಿ ಆದ ಮೇಲೆ ಒಮ್ಮೆ, ಊಟ ಆದ ಮೇಲೆ ಒಮ್ಮೆ, ಒಬ್ಬೊಬ್ಬರನ್ನಾಗಿ ದೊಡ್ಡವರ ಕಮೋಡಿನ ಮೇಲೆ ರಿಂಗ್ ಇಟ್ಟು ಕೂರಿಸುತ್ತಾರೆ.

ಉಚ್ಚೆಯ ವಿಷಯದಲ್ಲಿ ಈ ಮೂರೂ ಪದ್ಧತಿ ಒಟ್ಟಿಗೆ ನಡೆದವು. ಮಗು ಯಾವ ಜಾಗಕ್ಕೆ ಯಾವ ಕ್ರಮ ಎಂದು ತಾನೇ ಹೊಂದಿಸಿಕೊಂಡ. ಮನೆಯಲ್ಲಿ ಪಾಟಿ, ಅಲ್ಲಿ ಕಮೋಡು, ಅಜ್ಜಿ ಮನೆಯಲ್ಲಿ ಅಂಗಳದ ತೆಂಗಿನ ಬುಡ. ಟೀಚರ್ ಮಲಯಾಳದಲ್ಲಿ ಕೇಳಿದರೂ, ಅಜ್ಜಿ ಕನ್ನಡದಲ್ಲಿ ಕೇಳಿದರೂ ಅವನಿಗೆ ಗೊತ್ತಾಗುತ್ತಿತ್ತು. ಉಚ್ಚೆ ದಿನಕ್ಕೆ ಏಳೆಂಟು ಸಲ ಬರುತ್ತದೆ, ಜಾಸ್ತಿ ಹೊತ್ತು ತಡೆದಿಡಲು ಆಗುವುದಿಲ್ಲ. ಹಾಗಾಗಿ ಕಲಿಯಲು ಅವಕಾಶ ತುಂಬ. ತಪ್ಪಿದರೆ ಒಂದು ಚಡ್ಡಿ ಒದ್ದೆ, ಅಷ್ಟೇ. ಆಟಿ ತಿಂಗಳ ಮಳೆಯಲ್ಲಿ ಚಡ್ಡಿ ಒಣಗಿಸುವುದು ಸಣ್ಣ ಕೆಲಸ ಅಲ್ಲ ಅನ್ನುವುದು ಬೇರೆ ಮಾತು.

ಕಕ್ಕ ಹಾಗಲ್ಲ. ದಿನಕ್ಕೆ ಒಂದು ಸಲ ಬರುವಂಥದ್ದು. ಒಮ್ಮೆ ನೋವಾದರೆ ಆ ನೋವು ಮಗುವಿನ ತಲೆಯಲ್ಲಿ ಕೂತುಬಿಡುತ್ತದೆ. ಮತ್ತೆ ಅದನ್ನು ಮಗು ಬೇಕೆಂದೇ ತಡೆದಿಡಬಹುದು, ಒಂದು ದಿನ ಅಲ್ಲ, ನಾಲ್ಕೈದು ದಿನ.

ನಮ್ಮಲ್ಲಿ ಶುರುವಾದದ್ದು ಡೇಕೇರಿನ ಕಮೋಡಿನ ಮೇಲೆ. ಗಟ್ಟಿ ಕಕ್ಕ ಬಂದು, ಅತ್ತನಂತೆ. ಒರೆಸುವಾಗ ಸ್ವಲ್ಪ ರಕ್ತ ಕಂಡಿತ್ತು ಎಂದು ಅಲ್ಲಿಯ ಆಯಾ ಆಮೇಲೆ ಹೇಳಿದರು. ಮರುದಿನದಿಂದ ಅವನು ಅಲ್ಲಿ ಕೂರಲು ಒಪ್ಪಲಿಲ್ಲ. ಮನೆಯ ಪಾಟಿಯೂ ಬೇಡ. ಅಜ್ಜಿ ಕಾಲ ಮೇಲೆ ಕೂರಿಸಿದರೆ ಮೈಯೆಲ್ಲಾ ಸೆಟೆದು ನೆಟ್ಟಗೆ ನಿಂತುಬಿಡುತ್ತಿದ್ದ.

ಆ ಶನಿವಾರ ನೀರ್ಚಾಲಿನಲ್ಲಿ ಅವನನ್ನು ಹತ್ತಿರದಿಂದ ನೋಡಿದೆ. ಚಾವಡಿಯಲ್ಲಿ ಅಡಿಕೆ ಗೋಣಿಗಳ ಹಿಂದೆ ಹೋಗಿ ನಿಂತಿದ್ದ. ಒಂದು ಕೈಯಲ್ಲಿ ಗೋಣಿಯ ಕಿವಿ ಹಿಡಿದಿದ್ದ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು, ಕಾಲೆರಡನ್ನೂ ಒಂದಕ್ಕೊಂದು ಒತ್ತಿದ್ದ. ಮುಖ ಕೆಂಪು, ಕಣ್ಣಲ್ಲಿ ನೀರು. ಅತ್ತೆ ನೋಡಿ, "ಪಾಪ, ಮುಕ್ಕುತ್ತಾ ಇದ್ದಾನೆ ನೋಡು, ಬರುವುದಿಲ್ಲ ಅವನಿಗೆ" ಎಂದರು. ನೋಡಿದ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಮುಕ್ಕುವ ಮಗು ಮಂಡಿ ಮಡಚುತ್ತದೆ, ಮುಂದೆ ಬಾಗುತ್ತದೆ, ಕುಕ್ಕರಿಸುತ್ತದೆ. ಇವನ ಕಾಲು ಕೋಲಿನ ಹಾಗೆ ನೆಟ್ಟಗಿತ್ತು. ಅವನು ಹೊರಗೆ ಹಾಕಲು ಪ್ರಯತ್ನ ಮಾಡುತ್ತಿರಲಿಲ್ಲ. ಬರುತ್ತಿದ್ದದ್ದನ್ನು ಒಳಗೇ ಹಿಡಿದಿಡುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ಒತ್ತಡ ಇಳಿಯಿತು, ಅವನು ಏನೂ ಆಗದವರ ಹಾಗೆ ಆಡಲು ಓಡಿದ.

ಹೀಗೆ ತಡೆದಾಗ ಕಕ್ಕ ಒಳಗೇ ಉಳಿಯುತ್ತದೆ. ಕರುಳು ಅದರ ನೀರನ್ನು ಹೀರುತ್ತಲೇ ಇರುತ್ತದೆ. ಅದು ಇನ್ನೂ ಗಟ್ಟಿ, ಇನ್ನೂ ದಪ್ಪ ಆಗುತ್ತದೆ. ಮುಂದಿನ ಸಲ ನೋವು ಇನ್ನೂ ಜಾಸ್ತಿ, ಹೆದರಿಕೆಯೂ ಜಾಸ್ತಿ. ದಿನ ಕಳೆದ ಹಾಗೆ ಗುದದ ಮೇಲಿನ ಭಾಗ ಹಿಗ್ಗಿ, ತುಂಬಿದ್ದೇ ಮಗುವಿಗೆ ಸರಿಯಾಗಿ ಗೊತ್ತಾಗುವುದಿಲ್ಲ.

ನಮಗೆಲ್ಲ ದಾರಿ ತಪ್ಪಿಸಿದ್ದು ಆಮೇಲೆ ನಡೆದದ್ದು. ಓಣಂ ರಜೆಗೆ ಮುಂಚೆ ಡೇಕೇರಿನಿಂದ ಫೋನ್ ಬಂತು. ಮಗುವಿಗೆ ಭೇದಿ ಆಗುತ್ತಿದೆ, ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಆಗುತ್ತಲೇ ಇದೆ, ಕರೆದುಕೊಂಡು ಹೋಗಿ, ನಿಲ್ಲುವವರೆಗೆ ಕಳಿಸಬೇಡಿ ಅಂತ. ಅತ್ತೆ ದಾಳಿಂಬೆ ಸಿಪ್ಪೆಯ ಕಷಾಯಕ್ಕೆ ಸಿದ್ಧ ಮಾಡಿದರು. ಭೇದಿಗೆ ಹಳಬರು ಕೊಡುವ ಮದ್ದು ಅದು. ಆದರೆ ಈ ಮಗು ಆಡುತ್ತಿತ್ತು, ಜ್ವರ ಇಲ್ಲ, ವಾಂತಿ ಇಲ್ಲ. ಚಡ್ಡಿಯಲ್ಲಿ ಇದ್ದದ್ದು ಒಂದೊಂದು ಕಲೆ ಮಾತ್ರ. ಸರಿಯಾಗಿ ಒಂದು ಕಕ್ಕ ಆಗಿ ದಿನಗಳೇ ಆಗಿದ್ದವು. ಕಾಸರಗೋಡಿನ ಮಕ್ಕಳ ಡಾಕ್ಟರ್ ಹೊಟ್ಟೆಯ ಎಡ ಕೆಳಭಾಗ ಒತ್ತಿ ನೋಡಿ, ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಉಂಡೆ ಉಂಡೆಯಾಗಿ ಗಟ್ಟಿ ತಾಗಿತು. ಒಳಗೆ ಗಟ್ಟಿ ಕಕ್ಕ ಸಿಕ್ಕಿಹಾಕಿಕೊಂಡಿದೆ, ಮೇಲಿನಿಂದ ಬರುವ ತೆಳು ಕಕ್ಕ ಅದರ ಬದಿಯಿಂದ ಸೋರುತ್ತಿದೆ, ಅದು ಮಗುವಿಗೆ ಗೊತ್ತೂ ಆಗುವುದಿಲ್ಲ ಎಂದರು. ಆಗ ಭೇದಿ ನಿಲ್ಲಿಸುವ ಮದ್ದು ಕೊಟ್ಟರೆ ಗತಿ ಏನು, ಅಲ್ವಾ?

ಡಾಕ್ಟರ್ ಹೇಳಿದ ಮೊದಲ ಮಾತು ಕಲಿಸುವುದನ್ನು ನಿಲ್ಲಿಸಿ ಅನ್ನುವುದು. ಡೈಪರ್ ವಾಪಸ್ ಹಾಕಿ. ಮೊದಲು ಕಕ್ಕ ಮೆತ್ತಗಾಗಲಿ, ನೋವು ಮರೆಯಲಿ. ಅದಕ್ಕೆ ತೂಕ ನೋಡಿ ಲ್ಯಾಕ್ಟುಲೋಸ್ ಸಿರಪ್ ಬರೆದರು. ಅತ್ತೆ ಜೊತೆಗೇ ಬಂದಿದ್ದರು. "ಇಷ್ಟು ಸಣ್ಣ ಮಗುವಿಗೆ ದಿನಾ ಮದ್ದು ಕೊಟ್ಟರೆ ಅದೇ ಅಭ್ಯಾಸ ಆಗುವುದಿಲ್ಲವಾ ಡಾಕ್ಟ್ರೇ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ ಅದು. ಈ ಸಿರಪ್ ಕರುಳಿನಲ್ಲೇ ಉಳಿದು ನೀರನ್ನು ಎಳೆದುಕೊಂಡು ಕಕ್ಕವನ್ನು ಮೆತ್ತಗೆ ಮಾಡುತ್ತದೆ, ಅಭ್ಯಾಸ ಆಗುವುದಿಲ್ಲ, ಬದಲಿಗೆ ನಾಲ್ಕು ದಿನ ಸರಿಯಾಯಿತೆಂದು ನಿಲ್ಲಿಸಿದರೇ ತೊಂದರೆ, ಹಿಗ್ಗಿದ ಜಾಗ ಮೊದಲಿನಂತಾಗಲು ತಿಂಗಳುಗಳೇ ಬೇಕು ಎಂದು ಡಾಕ್ಟರ್ ಸಮಾಧಾನವಾಗಿ ವಿವರಿಸಿದರು. ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಹಚ್ಚಿ ಇಡುವುದನ್ನೂ ಅತ್ತೆ ಕೇಳಿದರು. ಅದು ಬೇಡ, ಹೆದರಿದ ಮಗುವಿನ ಹಿಂಭಾಗವನ್ನು ಯಾರೂ ಮುಟ್ಟುವುದೇ ಬೇಡ ಎಂದರು. ಹಾಲನ್ನೂ ಕಡಿಮೆ ಮಾಡಿಸಿದರು. ಅಜ್ಜಿ ಮನೆಯ ಹಸುವಿನ ಹಾಲು ದೊಡ್ಡ ಲೋಟದಲ್ಲಿ ಮೂರು ಹೊತ್ತು ಕುಡಿದು, ಅನ್ನ, ಬಸಳೆ ಎಲ್ಲ ಬಿಡುತ್ತಿದ್ದ. ದಿನಕ್ಕೆ ಅರ್ಧ ಲೀಟರಿನ ಒಳಗೆ ಸಾಕು ಎಂದರು.

ಇನ್ನೊಂದು ಮಾತು ಅವರು ಹೇಳಿದ್ದು ನನಗೆ ತುಂಬ ಹಿಡಿಸಿತು. ಮೂರು ಕಡೆಗಳಲ್ಲಿ ಕೂರಿಸುವ ರೀತಿಯಲ್ಲಿ ಅಜ್ಜಿಯದೇ ಸರಿ ಅಂತ. ಪಾದಕ್ಕೆ ಆಧಾರ ಇದ್ದು, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬಂದರೆ ಗುದದ ಸುತ್ತಲಿನ ಸ್ನಾಯು ಸಡಿಲ ಆಗಿ ದಾರಿ ನೇರ ಆಗುತ್ತದೆ. ಎತ್ತರದ ಕಮೋಡಿನಲ್ಲಿ ಕಾಲು ನೇತಾಡಿದರೆ ಮಗು ಬೀಳದ ಹಾಗೆ ತೊಡೆ, ಹೊಟ್ಟೆ ಎಲ್ಲ ಬಿಗಿ ಹಿಡಿಯುತ್ತದೆ. ಬಿಗಿ ಹಿಡಿದುಕೊಂಡು ಕಕ್ಕ ಮಾಡಲು ಯಾರಿಗೂ ಆಗುವುದಿಲ್ಲ. ಡೇಕೇರಿನವರ ಹೊತ್ತೂ ಸರಿ ಇತ್ತು. ತಿಂದ ಮೇಲೆ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಕರುಳು ತಾನಾಗಿ ಚುರುಕಾಗುತ್ತದೆ. ಅವರ ಕಮೋಡು ಮಾತ್ರ ಸರಿ ಇರಲಿಲ್ಲ.

ಡೇಕೇರಿಗೆ ಹೋಗಿ ಮಾತಾಡುವ ಮುಂಚೆ ನಾನೂ ಗಂಡನೂ ಕೂತು ಯೋಚಿಸಿದೆವು. ಹತ್ತು ವಿಷಯ ಕೇಳಿದರೆ ಒಂದೂ ಆಗುವುದಿಲ್ಲ. ಅಷ್ಟೊಂದು ಮಕ್ಕಳನ್ನು ಇಬ್ಬರು ನೋಡಿಕೊಳ್ಳುವ ಜಾಗ ಅದು. ಹಾಗಾಗಿ ಉಚ್ಚೆಯ ವಿಷಯ ಎತ್ತಲೇ ಇಲ್ಲ, ಅವರ ಕ್ರಮವೇ ಇರಲಿ. ಡಾಕ್ಟರ ಚೀಟಿ ತೋರಿಸಿ ಕೇಳಿದ್ದು ಎರಡೇ. ಅವನು ಕಕ್ಕಕ್ಕೆ ಡೈಪರ್ ಕೇಳಿದರೆ ಹಾಕಿ. ಕೂರಿಸುವಾಗ ಕಾಲ ಕೆಳಗೆ ಸ್ಟೂಲ್ ಇಡಿ. ಸ್ಟೂಲ್ ನಾವೇ ಕೊಂಡುಹೋಗಿ ಕೊಟ್ಟೆವು. ಟೀಚರ್ ಮೊದಲು ಅಳುಕಿದರು, ಒಬ್ಬನಿಗೆ ಡೈಪರ್ ಹಾಕಿದರೆ ಬೇರೆ ಪೋಷಕರೂ ಕೇಳುತ್ತಾರೆ ಎಂದು. ಚಡ್ಡಿ ಸೋರುವುದು ಇದರಿಂದಲೇ ನಿಲ್ಲುತ್ತದೆ ಎಂದು ಗೊತ್ತಾದ ಮೇಲೆ ಒಪ್ಪಿದರು. ಆಯಾ ಮೂಗು ಮುಚ್ಚಿ "ಅಯ್ಯೇ" ಅನ್ನುತ್ತಿದ್ದದ್ದನ್ನು ಟೀಚರೇ ನಿಲ್ಲಿಸಿದರು. ನಾನು ಹೇಳಬೇಕಾಗಿ ಬರಲಿಲ್ಲ, ಅದಕ್ಕೆ ಅವರ ಮೇಲೆ ಇವತ್ತಿಗೂ ಗೌರವ ಇದೆ.

ಮನೆಯಲ್ಲಿ ಪಾಟಿಯ ಮುಂದೆ ಊಟದ ಮಣೆ ಇಟ್ಟೆವು. ಪಾದ ಅದರ ಮೇಲೆ. ನೀರ್ಚಾಲಿನಲ್ಲಿ ಅತ್ತೆಯ ಪಾದಗಳೇ ಸಾಕು, ಆದರೆ ಅವನಾಗಿ ಬಂದು ಕೂರುವವರೆಗೆ ಕೂರಿಸುವುದಿಲ್ಲ ಎಂದು ಅವರು ಒಪ್ಪಿದರು. ಮಾವನಿಗೆ ಇದು ಕಷ್ಟವಾಯಿತು. "ಇವನ ಅಪ್ಪ ಒಂದು ವರ್ಷಕ್ಕೇ ಕಲಿತಿದ್ದ" ಎನ್ನುವುದು ಅವರ ಬಾಯಲ್ಲಿ ಬರುತ್ತಲೇ ಇತ್ತು. ಅದು ಸುಳ್ಳಲ್ಲ. ಆಗ ಅತ್ತೆ ಇಡೀ ದಿನ ಮಗುವಿನ ಜೊತೆ ಇದ್ದರು, ಅವನ ಮುಖ ನೋಡಿಯೇ ಎತ್ತಿಕೊಂಡು ಹೋಗುತ್ತಿದ್ದರು. ಮೂರು ಕಡೆ ಹಂಚಿಹೋದ ಮಗುವಿಗೆ ಆ ಅನುಕೂಲ ಇಲ್ಲ.

ಮೊದಲ ಕೆಲವು ವಾರ ಡೈಪರಿನಲ್ಲೇ ಮಾಡಿದ, ಗೋಣಿಯ ಹಿಂದೆ ನಿಂತೇ. ಬಾಳೆಹಣ್ಣಿನಷ್ಟು ಮೆತ್ತಗೆ ದಿನಾ ಆಗತೊಡಗಿದ ಮೇಲೆ ಮುಂದಿನ ಹೆಜ್ಜೆ ಇಟ್ಟೆವು. ಡೈಪರ್ ಇರಲಿ, ಆದರೆ ಬಚ್ಚಲಿಗೆ ಬಂದು ಮಾಡು. ಅದಾದ ಮೇಲೆ, ಡೈಪರ್ ಹಾಕಿಕೊಂಡೇ ಪಾಟಿಯ ಮೇಲೆ ಕೂರು. ಆಮೇಲೆ ಡೈಪರಿನ ಪಟ್ಟಿ ಸಡಿಲ ಮಾಡಿ ಕೂರಿಸಿದೆವು. ಒಂದು ದಿನ ಅದು ಪಾಟಿಯೊಳಗೇ ಜಾರಿ ಬಿತ್ತು. ಅವನು ಎದ್ದು ಬಗ್ಗಿ ನೋಡಿ, "ಬಿತ್ತು" ಎಂದ. ತಿಂಡಿ ಆದ ಮೇಲೆ ಐದು ನಿಮಿಷ ಕೂರುವುದು, ಬರದಿದ್ದರೆ ಎದ್ದು ಹೋಗುವುದು. ಈ ಒಂದು ನಿಯಮ ಮಾತ್ರ ಮೂರೂ ಕಡೆ ಒಂದೇ. ಹೆಜ್ಜೆ ಬದಲಿಸಿದ ವಾರ ಮತ್ತೆ ತುದಿಗಾಲಿಗೆ ಬಂದರೆ ಹಿಂದಿನ ಹೆಜ್ಜೆಗೆ ವಾಪಸ್. ಹಾಗೂ ಆಯಿತು.

ಈಗ ಅವನಿಗೆ ಮೂರು ತುಂಬುತ್ತಿದೆ. ಸಿರಪ್ ಇನ್ನೂ ನಡೆಯುತ್ತಿದೆ, ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಿದ್ದೇವೆ. ಡೇಕೇರಿನ ಆ ಸ್ಟೂಲನ್ನು ಈಗ ಎಲ್ಲ ಮಕ್ಕಳಿಗೂ ಇಡುತ್ತಾರೆ. ರಾತ್ರಿ ಡೈಪರಿನ ವಿಷಯದಲ್ಲಿ ಮಾತ್ರ ಅತ್ತೆಗೂ ನನಗೂ ಒಮ್ಮತ ಇಲ್ಲ. ನಡುರಾತ್ರಿ ಎಬ್ಬಿಸಿ ಉಚ್ಚೆ ಮಾಡಿಸಬೇಕು ಎನ್ನುತ್ತಾರೆ ಅವರು. ರಾತ್ರಿ ಒಣಗಿ ಇರುವುದು ಕಲಿಸಿ ಬರುವಂಥದ್ದಲ್ಲ, ಮೈ ಬೆಳೆದ ಹಾಗೆ ಬರುತ್ತದೆ, ಐದು ವರ್ಷದವರೆಗೆ ಹಾಸಿಗೆ ಒದ್ದೆ ಆದರೂ ಚಿಂತೆ ಇಲ್ಲ ಎನ್ನುತ್ತೇನೆ ನಾನು. ನೀರ್ಚಾಲಿನಲ್ಲಿ ಅವರು ಎಬ್ಬಿಸುತ್ತಾರೆ. ಇಲ್ಲಿ ನಾವು ಮಲಗಲು ಬಿಡುತ್ತೇವೆ. ಅದು ಉಚ್ಚೆಯ ವಿಷಯ, ಹಾಗಾಗಿ ನಾನು ಜಗಳಕ್ಕೆ ಹೋಗಿಲ್ಲ.